ನೆತ್ತಿಯ ಬರಗಾಲ

ಹವಾನಿಯಂತ್ರಕವು ಗಾಳಿಯನ್ನು ತಣಿಸುವಾಗ ಅದರ ತೇವವನ್ನೂ ಹಿಂಡಿ ಕೊಳವೆಯ ಮೂಲಕ ಹೊರಗೆ ತೊಟ್ಟಿಕ್ಕಿಸುವುದರಿಂದ, ಒಳಗೆ ಕುಳಿತ ನೌಕರನ ನೆತ್ತಿ ಬೇಸಿಗೆಯ ಕೆರೆಯಂಗಳದಂತೆ ಬಿಗಿಯುತ್ತದೆ. ಕಪ್ಪು ಅಂಗಿಯ ಹೆಗಲಿಗೆ ಉದುರುವ ಪುಡಿ ಸಣ್ಣಗೆ, ಬೆಳ್ಳಗೆ, ಒಣಗಿದ್ದರೆ ಅದು ಬಹುಮಟ್ಟಿಗೆ ಒಣಚರ್ಮ. ಹಳದಿಗಟ್ಟಿ ಜಿಡ್ಡಾಗಿದ್ದರೆ ತಲೆಹೊಟ್ಟು, ಅಂದರೆ ನೆತ್ತಿಯ ಜಿಡ್ಡನ್ನೇ ಉಂಡು ಬೆಳೆಯುವ ಶಿಲೀಂಧ್ರದ ಸಂಸಾರವಾಗಿದ್ದು, ಅದಕ್ಕೆ ಎಣ್ಣೆ ಹಚ್ಚುವುದೆಂದರೆ ಬೀಗರಿಗೆ ಹೋಳಿಗೆ ಬಡಿಸಿದಂತೆ. ಒಣನೆತ್ತಿಯವನಾದರೋ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ, ಅಲ್ಲಲ್ಲಿ ಬೈತಲೆ ತೆಗೆದು, ಕೂದಲನ್ನು ಬಿಟ್ಟು ಚರ್ಮಕ್ಕಷ್ಟೇ, ಬೆರಳ ತುದಿಯಿಂದ ಒಂದು ಚಮಚೆ ಕೊಬ್ಬರಿ ಎಣ್ಣೆ ಸವರಿ, ಉಗುರುಬೆಚ್ಚಗಿನ ನೀರು ಮತ್ತು ಮೃದು ಶಾಂಪೂವಿನಿಂದ ತೊಳೆದರೆ ಸಾಕು. ಅಭ್ಯಂಜನದ ಹುಮ್ಮಸ್ಸಿನಲ್ಲಿ ಬಟ್ಟಲನ್ನೇ ಸುರಿದುಕೊಂಡವನು ಮೀಟಿಂಗಿನಲ್ಲಿ ನಂದಾದೀಪದಂತೆ ಹೊಳೆದು, ಸಂಜೆ ಸುಡುನೀರಿನಲ್ಲಿ ಎರಡೆರಡು ಬಾರಿ ಶಾಂಪೂ ತಿಕ್ಕಿ, ನೆತ್ತಿಯನ್ನು ಮತ್ತೆ ಬರಪೀಡಿತ ಪ್ರದೇಶವೆಂದು ಘೋಷಿಸಿಕೊಳ್ಳುತ್ತಾನೆ.