ಪ್ಲಸ್ ಮೈನಸ್ ಸರ

"ಸುರಪುರ ಬಸ್ ಎಷ್ಟಕ್ಕ ಅದರೀ?" ಎಂದು ಯಾದಗಿರಿ ಬಸ್ ನಿಲ್ದಾಣದಲ್ಲಿ ಯಾರಾದರೂ ಕೇಳಿದರೆ ನಾವು ಎಂಟೂವರೆ ಎಂದು ಹೇಳಿ ಸುಮ್ಮನಾಗುತ್ತೇವೆ. ನಮ್ಮ ಫಿಸಿಕ್ಸ್ ಸರ್ ಹಾಗಲ್ಲ. "ಎಂಟೂವರಿಗೆ. ಪ್ಲಸ್ ಮೈನಸ್ ಹದಿನೈದು ನಿಮಿಷ," ಎನ್ನುತ್ತಾರೆ. ಕೇಳಿದವನು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕೂಗಿ, "ಮೈನಸ್ ಆಗಿದ್ದು ನಾ ಇನ್ನೂ ನೋಡಿಲ್ಲರೀ, ಪ್ಲಸ್ ಅಷ್ಟೇ ಹಿಡೀರಿ," ಎಂದು ತಿದ್ದುಪಡಿಯನ್ನೂ ಕೊಡುತ್ತಾರೆ.

ಅವರು ಅತಿಥಿ ಉಪನ್ಯಾಸಕರು. ವಾರವನ್ನು ಯಾದಗಿರಿ, ಶಹಾಪುರ, ಸುರಪುರಗಳಿಗೆ ಹಂಚಿಕೊಟ್ಟು, ಮೂರು ಕಡೆಯ ಲ್ಯಾಬುಗಳಲ್ಲೂ ಒಂದೇ ಪೆನ್ಸಿಲ್ ಹಿಡಿದು ಓಡಾಡುವವರು. ಪೆನ್ಸಿಲ್ ಯಾಕೆಂದರೆ, ಮಕ್ಕಳ ರೆಕಾರ್ಡನ್ನು ಕೆಂಪು ಇಂಕಿನಿಂದ ತಿದ್ದುವುದು ಅವರಿಗೆ ಸೇರುವುದಿಲ್ಲ. ತಿದ್ದಿದ್ದನ್ನೂ ತಿದ್ದಬೇಕಾಗಬಹುದು ಎಂಬುದು ಅವರ ಕಾರಣ. ಬಸ್ಸಿನಲ್ಲಿ ತೊಡೆಯ ಮೇಲೆ ರೆಕಾರ್ಡುಗಳ ಗಂಟು ಇಟ್ಟುಕೊಂಡು ಬರೆಯುತ್ತಾರೆ. ಅಕ್ಷರ ನೋಡಿದರೆ ರಸ್ತೆಯಲ್ಲಿ ಗುಂಡಿ ಎಲ್ಲೆಲ್ಲಿ ಇವೆ ಎಂದು ಹೇಳಬಹುದು. ಕನ್ನಡ ಪಾಠ ಮಾಡುವ ನಾನು ಪಕ್ಕದ ಸೀಟಿನವನು. ಹಾಗಾಗಿ ನನಗೆ ಬೇಡವೆಂದರೂ ಲೋಲಕದ ಪ್ರಯೋಗ ಬಾಯಿಪಾಠವಾಗಿದೆ.

ಅವರ ಬಿಪಿ ಏರುವುದು ತಪ್ಪು ರೀಡಿಂಗಿಗೆ ಅಲ್ಲ. ರೀಡಿಂಗ್ ತಪ್ಪಿದರೆ 'ಮತ್ತೊಮ್ಮೆ ಮಾಡು' ಎಂದು ಎರಡೇ ಪದ ಬರೆದು ಪುಟ ಮಗುಚುತ್ತಾರೆ. ರೀಡಿಂಗ್ ಎಲ್ಲ ಸರಿಯಿದ್ದು, ಕೊನೆಯಲ್ಲಿ ಆ ಒಂದು ವಾಕ್ಯ ಬಂದಿತೋ, ಆಗ ಪೆನ್ಸಿಲ್ ಮೊನೆ ಮುರಿಯುತ್ತದೆ. 'ಹ್ಯೂಮನ್ ಎರರ್, ಇನ್‌ಸ್ಟ್ರುಮೆಂಟಲ್ ಎರರ್ ಮತ್ತು ಗಾಳಿಯ ಪ್ರತಿರೋಧದಿಂದ ಉತ್ತರದಲ್ಲಿ ಸ್ವಲ್ಪ ವ್ಯತ್ಯಾಸ ಬಂದಿದೆ.' ಸೀನಿಯರುಗಳಿಂದ ಜೂನಿಯರುಗಳಿಗೆ ಕೈದಾಟಿ ಬಂದ ವಾಕ್ಯ ಇದು. ಲೋಲಕಕ್ಕೂ ಇದೇ, ಲೆನ್ಸಿಗೂ ಇದೇ. ಒಬ್ಬ ಹುಡುಗ ಓಮ್‌ನ ನಿಯಮದ ಪ್ರಯೋಗಕ್ಕೂ ಗಾಳಿಯ ಪ್ರತಿರೋಧವನ್ನು ಬರೆದಿದ್ದ. ಸರ್ ಅದರ ಪಕ್ಕದಲ್ಲಿ, 'ವೈರಿನೊಳಗ ಗಾಳಿ ಎಲ್ಲಿಂದ ಬಂತೋ ಮಾರಾಯಾ?' ಎಂದಷ್ಟೇ ಬರೆದರು.

ಮೊನ್ನೆ ಸುರಪುರದ ಕಾಲೇಜಿನ ಒಬ್ಬ ಹುಡುಗಿಯ ರೆಕಾರ್ಡು ಕೈಗೆ ಬಂತು. ಹುಣಸಗಿ ಕಡೆಯವಳು, ಅಚ್ಚುಕಟ್ಟಾದ ಕೆಲಸ. ಲೋಲಕದ ಉದ್ದ 100.0 ಸೆಂಟಿಮೀಟರ್. 20 ಆಂದೋಲನಕ್ಕೆ ಹಿಡಿದ ಸಮಯ ಐದು ಸಲ: 40.1, 40.3, 40.0, 40.2, 40.4 ಸೆಕೆಂಡ್. ಸರಾಸರಿ 40.2, ಒಂದು ಆಂದೋಲನಕ್ಕೆ 2.01. ಅದರಿಂದ g ಬೆಲೆ 9.7716437. ಪುಸ್ತಕದ ಬೆಲೆ 9.81, ಶೇಕಡಾ ದೋಷ 0.39. ಕಾರಣ: ಹ್ಯೂಮನ್ ಎರರ್, ಗಾಳಿ.

ಯಾದಗಿರಿ ಬಿಟ್ಟಾಗ ಶುರು ಮಾಡಿದ ಟಿಪ್ಪಣಿ ಭೀಮಾ ಸೇತುವೆ ದಾಟಿದರೂ ಮುಗಿಯಲಿಲ್ಲ. ರೆಕಾರ್ಡಿನ ಎಡಪುಟ ತುಂಬಿ ಅಂಚಿಗೆ ಹತ್ತಿತು. ಇಂಗ್ಲಿಷಿನಲ್ಲಿ ಬರೆದರೆ ಮಕ್ಕಳು 'ನೋಟೆಡ್ ಸರ್' ಎಂದು ಸಹಿ ಹಾಕಿ ಮುಂದೆ ಹೋಗುತ್ತಾರೆಂದು ಅವರು ಇದನ್ನೆಲ್ಲ ಕನ್ನಡದಲ್ಲೇ ಬರೆಯುವುದು. ನಾನು ಓದಿದ್ದು ಹೀಗಿತ್ತು:

'ತಂಗೀ, ರೀಡಿಂಗ್ ಎಲ್ಲ ಚಂದ ತಗೊಂಡೀದಿ. ಐದೂ ಬೇರೆ ಬೇರೆ ಬಂದಾವ, ಅದನ್ನ ಮುಚ್ಚಿಟ್ಟಿಲ್ಲ, ಅದಕ್ಕೇ ಇಷ್ಟು ಬರೀಲಿಕತ್ತೀನಿ. ಮೊದಲ ಮಾತು. 9.7716437 ಅನ್ನೋದು ಕ್ಯಾಲ್ಕುಲೇಟರ್ ಹೇಳಿದ್ದು, ಲೋಲಕ ಹೇಳಿದ್ದಲ್ಲ. ಲೋಲಕ ಎಷ್ಟು ಅಂಕಿ ತನಕ ಹೇಳ್ತದ ಅಂತ ನೀನೇ ಕಂಡುಹಿಡೀಬೇಕು.

'ಹೆಂಗಂದ್ರ, ನಿನ್ನ ಐದು ರೀಡಿಂಗ್ ಸರಾಸರಿಯಿಂದ ಆಕಡೆ ಈಕಡೆ ಸರಿದಾವಲ್ಲ, ಆ ಚದುರುವಿಕೆ ಸುಮಾರು 0.16 ಸೆಕೆಂಡ್. ಗುಂಡು ಬಂದದ್ದು ಕಣ್ಣಿಗೆ ಕಂಡು ಬೆರಳು ಒತ್ತೂದ್ರಾಗ ಆಗೋ ಹೆಚ್ಚುಕಡಿಮೆ ಇದೇ. ನೀ ಹ್ಯೂಮನ್ ಎರರ್ ಅಂತ ಬರದೀಯಲ್ಲ, ಅದಕ್ಕ ಒಂದು ಅಂಕಿ ಅದ, ಮತ್ತ ಆ ಅಂಕಿ ನಿನ್ನ ಟೇಬಲ್‌ನಾಗೇ ಕೂತದ. ಐದು ಸಲ ತಗೊಂಡಿದ್ದರಿಂದ ಅದನ್ನ ಐದರ ವರ್ಗಮೂಲದಿಂದ ಭಾಗಿಸು. ಸರಾಸರಿಯ ಅನಿಶ್ಚಿತತೆ 0.07 ಸೆಕೆಂಡ್ ಆಯ್ತು. 40.2ರಲ್ಲಿ ಅದು ಶೇಕಡಾ 0.18. ಸೂತ್ರದಾಗ ಸಮಯ ವರ್ಗ ಆಗಿ ಬರ್ತದ, ಆದ್ದರಿಂದ ದುಪ್ಪಟ್ಟು ಮಾಡು, 0.35. ಉದ್ದ 2 ಮಿಲಿಮೀಟರ್ ಹೆಚ್ಚುಕಡಿಮೆ ಅಂದ್ರ ಶೇಕಡಾ 0.2. ಎರಡೂ ಒಂದಕ್ಕೊಂದು ಸಂಬಂಧ ಇಲ್ಲದವು, ಅದಕ್ಕ ವರ್ಗ ಮಾಡಿ ಕೂಡಿಸಿ ವರ್ಗಮೂಲ ತಗೀ. ಶೇಕಡಾ 0.4 ಬರ್ತದ. ಅಂದ್ರ ನಿನ್ನ ಉತ್ತರ 9.77, ಪ್ಲಸ್ ಮೈನಸ್ 0.04. ಉಳಿದ ಐದು ಅಂಕಿ ಕ್ಯಾಲ್ಕುಲೇಟರ್‌ಗೆ ವಾಪಸ್ ಕೊಡು.

'ಎರಡನೇ ಮಾತು. 9.81 ಯಾರದು? ಲಂಡನ್, ಪ್ಯಾರಿಸ್ ಕಡೆಯವರದು. 1901ರಲ್ಲಿ ಪ್ಯಾರಿಸ್‌ನಾಗ ಕೂತು ವ್ಯವಹಾರಕ್ಕ ಇರಲಿ ಅಂತ ಗೊತ್ತು ಮಾಡಿದ್ದು 9.80665. ಸುರಪುರ ಹದಿನಾರೂವರೆ ಡಿಗ್ರಿ ಅಕ್ಷಾಂಶದಾಗ ಅದ. ಭೂಮಿ ತಿರುಗೋದು, ನಡುವು ಉಬ್ಬಿದ್ದು ಎರಡೂ ಲೆಕ್ಕ ಹಿಡಿದ್ರ ನಮ್ಮ ಕಡೆ 9.78 ಆಸುಪಾಸು. ನಿನಗ 9.77 ಬಂದದ. ನೀನು ಮಾಡದ ತಪ್ಪಿಗೆ ಗಾಳಿ ಮ್ಯಾಲೆ ಹಾಕಿ ಕ್ಷಮೆ ಕೇಳೀದಿ!'

ಇಲ್ಲಿ ಬಸ್ಸು ದೊಡ್ಡ ಗುಂಡಿಗೆ ಇಳಿದಿರಬೇಕು, ಆಶ್ಚರ್ಯಸೂಚಕ ಚಿಹ್ನೆ ಮುಂದಿನ ಸಾಲಿನವರೆಗೆ ಇಳಿದಿದೆ. ಅದರ ಕೆಳಗೆ ಸರ್ ತಮ್ಮ ಉತ್ಸಾಹಕ್ಕೆ ತಾವೇ ಕಡಿವಾಣ ಹಾಕಿಕೊಂಡು ಬರೆದಿದ್ದರು: 'ಹಂಗಂತ ನೀ ಸುರಪುರದ g ಸಾಧಿಸಿದಿ ಅಂತ ಕುಣೀಬ್ಯಾಡ. ನಿನ್ನ 0.04 ಅಗಲದ ಅಂಚಿನಾಗ 9.81ನೂ ಹಿಡಿಸ್ತದ. ಈ ಲೋಲಕದಿಂದ ಲಂಡನ್ನಿಗೂ ಸುರಪುರಕ್ಕೂ ಫರಕ್ ಹೇಳಲಿಕ್ಕೆ ಬರೂದಿಲ್ಲ ಅಂತ ಬರಿ. ಅದೇ ಎರರ್ ಅನಾಲಿಸಿಸ್.'

"ಅಲ್ಲರೀ, ಒಂದು ಮಾರ್ಕಿನ ವಾಕ್ಯಕ್ಕ ಇಷ್ಟು ಪುರಾಣ ಬೇಕೇನು?" ಎಂದೆ ನಾನು.

ಅವರಿಗೆ ಅಷ್ಟೇ ಸಾಕಾಗಿತ್ತು. 1672ರಲ್ಲಿ ಜಾನ್ ರಿಷೇ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕೇಯೆನ್ನಿಗೆ ಹೋದನಂತೆ, ಸಮಭಾಜಕ ವೃತ್ತದ ಹತ್ತಿರ. ಪ್ಯಾರಿಸ್ಸಿನಲ್ಲಿ ಸರಿಯಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಲೋಲಕವನ್ನು ಗಿಡ್ಡ ಮಾಡಿದ ಮೇಲೆಯೇ ಸರಿಹೋಯಿತು. ಮುಂದೆ ನ್ಯೂಟನ್ ಅದನ್ನೇ ಹಿಡಿದು ಭೂಮಿಯ ಆಕಾರದ ಬಗ್ಗೆ ವಾದಿಸಿದ. "ಆ ಪುಣ್ಯಾತ್ಮ ಹ್ಯೂಮನ್ ಎರರ್ ಅಂತ ಬರದು ಊಟಕ್ಕ ಎದ್ದಿದ್ರ ಏನಾಗ್ತಿತ್ತು, ಹೇಳ್ರಿ!" ಎಂದು ಸರ್ ಕಂಡಕ್ಟರನ ಕಡೆಗೂ ನೋಡಿದರು. ಕಂಡಕ್ಟರ್ ಚಿಲ್ಲರೆ ಕೇಳಿದ.

ಗಾಳಿಯ ಮೇಲೆ ಸರ್‌ಗೆ ಸಿಟ್ಟಿಲ್ಲ, ಅದರ ಮೇಲೆ ಹೊರಿಸುವ ಸುಳ್ಳು ಕೇಸಿನ ಮೇಲೆ ಸಿಟ್ಟು. ಹಿತ್ತಾಳೆ ಗುಂಡನ್ನು ಗಾಳಿ ಎತ್ತಿ ಹಿಡಿಯುವುದು ಅದರ ತೂಕದ ಹತ್ತು ಸಾವಿರದಲ್ಲಿ ಒಂದೂವರೆ ಪಾಲು. ಈ ಪ್ರಯೋಗದಲ್ಲಿ ಅದು ಕಾಣುವುದೇ ಇಲ್ಲ. ಕಾಣುವುದು ಲ್ಯಾಬಿನ ಫ್ಯಾನು. ಏಪ್ರಿಲ್ಲಿನಲ್ಲಿ ನಮ್ಮ ಸೀಮೆಯಲ್ಲಿ ಫ್ಯಾನ್ ಆರಿಸಿರೆಂದರೆ ಮಕ್ಕಳು ಸರ್ ಮುಖವನ್ನೇ ನೋಡುತ್ತಾರೆ; ಗುಂಡು ಮಾತ್ರ ಆ ಗಾಳಿಗೆ ಗುಂಡಗೆ ಸುತ್ತತೊಡಗುತ್ತದೆ. ಇನ್ನು ಹುರುಪಿನಿಂದ 30 ಡಿಗ್ರಿ ಎಳೆದು ಬಿಟ್ಟರೆ ಒಂದು ಆಂದೋಲನದ ಸಮಯ ಶೇಕಡಾ 1.7ರಷ್ಟು ಹೆಚ್ಚಾಗಿ, g ಶೇಕಡಾ ಮೂರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. 5 ಡಿಗ್ರಿಯಾದರೆ ಚಿಂತೆಯಿಲ್ಲ. ಆದರೆ ಎಷ್ಟು ಡಿಗ್ರಿ ಎಳೆದೆ ಎಂದು ಯಾವ ರೆಕಾರ್ಡಿನಲ್ಲೂ ಬರೆದಿರುವುದಿಲ್ಲ, ಗಾಳಿ ಮಾತ್ರ ಎಲ್ಲದರಲ್ಲೂ ಇರುತ್ತದೆ.

ಅದೇ ಗಂಟಿನಲ್ಲಿ ಇನ್ನೊಂದು ರೆಕಾರ್ಡಿತ್ತು. 100 ಸೆಂಟಿಮೀಟರಿಗೆ ಐದೂ ಸಲ 40.12 ಸೆಕೆಂಡ್, g ಸರಿಯಾಗಿ 9.81, ದೋಷ ಸೊನ್ನೆ. ಸರ್ ನಕ್ಕು ನನಗೆ ತೋರಿಸಿದರು. "ಈತ ಉತ್ತರದಿಂದ ರೀಡಿಂಗ್ ಬಡದಾನ. ಸೆಕೆಂಡಿನ ನೂರನೇ ಪಾಲು ತನಕ ಐದು ಸಲ ಒಂದೇ ಕಡಿ ಒತ್ತೋ ಬೆರಳು ಲೋಕದಾಗ ಇಲ್ಲ." ಪೆನ್ಸಿಲಿನಿಂದ, 'ನಿನ್ನ ಬೆರಳು ನನಗೊಮ್ಮೆ ತೋರಿಸು' ಎಂದು ಬರೆದರು.

ಶಹಾಪುರ ಹತ್ತಿರ ಬಂದಿತ್ತು. ಕಿಟಕಿಯಾಚೆ ಬುದ್ಧ ಮಲಗಿದ ಬೆಟ್ಟ. ಹೊಸಬರೊಬ್ಬರು ಮೊಬೈಲ್ ಹಿಡಿದು ಅತ್ತಿತ್ತ ಸರಿದಾಡುತ್ತಿದ್ದರು. "ನೋಡ್ರಿ," ಎಂದರು ಸರ್, "ಈ ಜಾಗದಾಗ ನಿಂತು ನೂರು ಮಂದಿ ನೋಡಿದ್ರೂ ನೂರೂ ಮಂದಿ ಬುದ್ಧ ಅಂತಾರ. ಅಡ್ಡ ಸರದ್ರ ಬರೇ ಬಂಡಿಗಲ್ಲು. ರೀಡಿಂಗ್‌ಗೋಳು ಒಂದಕ್ಕೊಂದು ಹೊಂದಿದ್ವು ಅಂತ ಸರಿ ಅನ್ನಂಗಿಲ್ಲ. ನಿಂತ ಜಾಗದ ದೋಷ ಎಷ್ಟು ಸಲ ನೋಡಿದ್ರೂ ಹೋಗಂಗಿಲ್ಲ."

ಲೋಲಕದಲ್ಲಿ ಇಂಥದ್ದು ಯಾವುದೆಂದರೆ, ದಾರದ ಉದ್ದ ಅಳೆದು ಗುಂಡಿನ ತ್ರಿಜ್ಯ ಕೂಡಿಸುವುದನ್ನು ಮರೆಯುವುದು. ಗುಂಡು 2 ಸೆಂಟಿಮೀಟರ್ ಅಗಲವಿದ್ದರೆ ಉದ್ದದಲ್ಲಿ 1 ಸೆಂಟಿಮೀಟರ್ ಕಳೆದುಹೋಗಿ, g ಶೇಕಡಾ ಒಂದು ಕಡಿಮೆ ಬರುತ್ತದೆ. ಸಾವಿರ ಸಲ ಸಮಯ ಹಿಡಿದರೂ ಚದುರುವಿಕೆಯಲ್ಲಿ ಅದರ ಸುಳಿವು ಸಿಗದು. ಸಿಗುವುದು ಗ್ರಾಫಿನಲ್ಲಿ. ಬೇರೆ ಬೇರೆ ಉದ್ದಗಳಿಗೆ ಸಮಯದ ವರ್ಗವನ್ನು ಗುರುತಿಸಿ ಗೆರೆ ಎಳೆದರೆ ಗೆರೆ ಸೊನ್ನೆಯ ಮೇಲೆ ಹಾಯದೆ ಒಂದು ಸೆಂಟಿಮೀಟರ್ ಆಚೆ ಜಾರುತ್ತದೆ. ಇಳಿಜಾರು ಮಾತ್ರ ಕೆಡುವುದಿಲ್ಲ. ಅದರಿಂದ ತೆಗೆದ g ಸರಿಯಾಗಿಯೇ ಇರುತ್ತದೆ. ಮಕ್ಕಳು ಗೆರೆಯನ್ನು ಹೇಗಾದರೂ ಸೊನ್ನೆಗೆ ಮುಟ್ಟಿಸಿಯೇ ತೀರುತ್ತಾರೆ. ಹುಣಸಗಿಯ ಹುಡುಗಿ ತ್ರಿಜ್ಯ ಕೂಡಿಸಿದ್ದಳು, ಗೆರೆ ತಾನಾಗಿಯೇ ಸೊನ್ನೆಗೆ ಮುಟ್ಟಿತ್ತು. ಸರ್ ಆ ಜಾಗಕ್ಕೆ ಗುಂಡು ಸುತ್ತಿ, 'ಇದನ್ನ ಬಾಯಿಬಿಟ್ಟು ಬರಿ! ಇದು ನಿನ್ನ ಸಾಕ್ಷಿ' ಎಂದು ಸೇರಿಸಿದರು.

ಮುಂದಿನ ವಾರ ರೆಕಾರ್ಡು ವಾಪಸ್ ಬಂತು. ಹುಡುಗಿ ಗಾಳಿಯನ್ನು ಹೊಡೆದುಹಾಕಿ, 9.77 ಪ್ಲಸ್ ಮೈನಸ್ 0.04 ಎಂದು ಬರೆದು, ಎಳೆದ ಕೋನವನ್ನೂ ನಮೂದಿಸಿದ್ದಳು. ಕೆಳಗೆ, ಪೆನ್ಸಿಲಿನಲ್ಲೇ, ಒಂದು ಪ್ರಶ್ನೆ: 'ಸರ್, ಸ್ಕೇಲಿನ ಅತಿ ಚಿಕ್ಕ ಅಳತೆ 1 ಮಿಲಿಮೀಟರ್. ತಾವು ಉದ್ದಕ್ಕೆ 2 ಮಿಲಿಮೀಟರ್ ಅಂತ ಬರೆದಿದ್ದೀರಿ. ಇನ್ನೊಂದು ಎಲ್ಲಿಂದ ಬಂತು?'

ಸರ್ ಅದನ್ನು ಓದಿ ಸೀಟಿನಲ್ಲೇ ಅರ್ಧ ಎದ್ದರು. ಸುರಪುರ ಮುಟ್ಟಿದ್ದೇ ಲ್ಯಾಬಿಗೆ ಹೋಗಿ, ಎರಡು ಹೋಳಿನ ಬೂಚಿನ ನಡುವೆ ದಾರ ಸಿಕ್ಕಿಸಿದ ಕಡೆ ಬಗ್ಗಿ ನೋಡಿದರು. ಬೂಚಿನ ತುಟಿ ಸವೆದು, ಗುಂಡು ತೂಗಿದಂತೆಲ್ಲ ದಾರ ಬಾಗುವ ಬಿಂದು ಮೇಲೆ ಕೆಳಗೆ ಆಗುತ್ತಿತ್ತು. ಅಳೆದರೆ ಸುಮಾರು ಒಂದು ಮಿಲಿಮೀಟರ್. ಇನ್ನೊಂದು ಅಲ್ಲಿತ್ತು. ಅಂದಾಜಿಗೆ ಬರೆದದ್ದು ಸರಿಹೋದದ್ದಕ್ಕಿಂತ, ಅಂದಾಜನ್ನು ಒಬ್ಬಳು ಪ್ರಶ್ನಿಸಿದಳೆಂಬ ಖುಷಿಗೆ ಅವರು ಆ ದಿನ ಸ್ಟಾಫ್ ರೂಮಿಗೆಲ್ಲ ಚಹಾ ಕುಡಿಸಿದರು.

ಸೆಮಿಸ್ಟರ್ ಕೊನೆಗೆ ಇಂಟರ್ನಲ್ ಮಾರ್ಕ್ಸ್ ಪಟ್ಟಿ ಆಫೀಸಿಗೆ ಹೋಯಿತು. ಆಕೆಯ ಹೆಸರಿನ ಮುಂದೆ '9 ± 1' ಎಂದಿತ್ತು. ಕಂಪ್ಯೂಟರಿನ ಮುಂದೆ ಕೂತ ಕ್ಲರ್ಕ್ ಪಟ್ಟಿ ಹಿಡಿದುಕೊಂಡು ಕಾರಿಡಾರಿನುದ್ದಕ್ಕೂ ಓಡಿಬಂದ.

"ಸರ, ಇದು ತಗೋಳಾಂಗಿಲ್ಲರಿ. ಪ್ಲಸ್ ಹಾಕ್ಲೋ, ಮೈನಸ್ ಹಾಕ್ಲೋ, ಜಲ್ದಿ ಹೇಳ್ರಿ, ಐದಕ್ಕ ಲಾಸ್ಟ್ ಟೈಮ್ ಅದ!"

"ಐದು ಅಂದ್ರ ಎಷ್ಟರ ತನಕ?" ಎಂದು ಕೇಳಿದರು ಸರ್.