ಲಗ್ನಪತ್ರಿಕೆಯ ಬೆನ್ನು

ಈಚೆಗೆ ಲಗ್ನಪತ್ರಿಕೆಗಳು ಎಷ್ಟು ದಪ್ಪಗೆ ಬರುತ್ತವೆಂದರೆ, ಮದುವೆ ಮುಗಿದರೂ ರದ್ದಿಗೆ ಹಾಕಲು ಮನಸ್ಸಾಗುವುದಿಲ್ಲ. ಅಂಥ ಒಂದರ ಖಾಲಿ ಬೆನ್ನಿನ ಮೇಲೆ ಅಪ್ಪನಿಗಾಗಿ ಒಂದು ಕಾರ್ಡು ಬರೆದುಕೊಟ್ಟಿದ್ದೇನೆ: ಫೋನಿಗೆ ಬಂದ ಪಿಂಚಣಿ ಫಾರಂ ಪ್ರಿಂಟ್ ತೆಗೆಯುವ ಕ್ರಮ.

ಅಪ್ಪ ಅಂಚೆ ಕಚೇರಿಯಿಂದ ನಿವೃತ್ತರಾದವರು. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವಿನ್ನೂ ಬದುಕಿದ್ದೇವೆಂದು ಜೀವನ ಪ್ರಮಾಣಪತ್ರ ಕೊಡಬೇಕು. 80 ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶ. ಈಗ ಫೋನಿಗೆ ಮುಖ ತೋರಿಸಿಯೂ ಇದನ್ನು ಮುಗಿಸಬಹುದು. ಅಪ್ಪನಿಗೆ ಅದು ಒಗ್ಗುವುದಿಲ್ಲ. ಸೀಲು ಬೀಳದ ಕಾಗದವನ್ನು ಅವರು ಕಾಗದವೆಂದೇ ಒಪ್ಪುವುದಿಲ್ಲ. ಹೀಗಾಗಿ ಗೆಳೆಯರೊಬ್ಬರು ವಾಟ್ಸಾಪಿನಲ್ಲಿ ಕಳಿಸುವ ಫಾರಂ, ಮನೆಯ ವೈಫೈ ಪ್ರಿಂಟರಿನಿಂದ ಹೊರಬಿದ್ದು ಬ್ಯಾಂಕಿಗೆ ಹೋಗಬೇಕು.

ಬರೆಯುವ ಮುಂಚೆ ಅಪ್ಪ ಹೇಗೆ ಪ್ರಿಂಟ್ ಕೊಡುತ್ತಾರೆಂದು ಪಕ್ಕದಲ್ಲಿ ಕೂತು ನೋಡಿದೆ. ಫಾರಂ ತೆರೆದರು, ಮೇಲಿನ ಮೂರು ಚುಕ್ಕಿ ಒತ್ತಿದರು, "Print" ಒತ್ತಿದರು. ಬಂದ ಪರದೆಯಲ್ಲಿ ಒಂದು ಗುಂಡು ಗುಂಡಿ ಕಂಡಿತು, ಅದನ್ನೂ ಒತ್ತಿದರು. ಫೋನು ಇದನ್ನು ಎಲ್ಲಿಡಲಿ ಎಂದು ಕೇಳಿತು, "Save" ಒತ್ತಿದರು. ಆಮೇಲೆ ಪ್ರಿಂಟರಿನ ಮುಂದೆ ಕೈಕಟ್ಟಿ ನಿಂತರು. ಅದು ಉಸಿರೆತ್ತಲಿಲ್ಲ. "ನೋಡಪ್ಪಾ, ನಾನು ಎಲ್ಲಾ ಸರಿಯಾಗೇ ಮಾಡಿದೀನಿ" ಎಂದರು.

ಮಾಡಿದ್ದರು, ನಿಜ. ಕಿತಾಪತಿ ಫೋನಿನದು. ಆ ಪರದೆಯ ನೆತ್ತಿಯಲ್ಲಿ, ಪ್ರಿಂಟರಿನ ಹೆಸರಿರಬೇಕಾದ ಜಾಗದಲ್ಲಿ, "Save as PDF" ಎಂದಿತ್ತು. ಹಾಗಿದ್ದಾಗ ಗುಂಡಿ ಒತ್ತಿದರೆ ಕಾಗದ ಬರುವುದಿಲ್ಲ. ಅದೇ ಫಾರಮ್ಮಿನ ಇನ್ನೊಂದು ಪ್ರತಿ ಫೋನಿನೊಳಗೇ ಕೂರುತ್ತದೆ. ಅಪ್ಪನ ಫೋನಿನಲ್ಲಿ ಆಗಲೇ ಒಂದು ಕಟ್ಟಿನಷ್ಟು ಫಾರಮ್ಮುಗಳಿದ್ದವು. ಗುರುತು ಹಿಡಿಯುವುದು ಸುಲಭ: ಗುಂಡಿಯ ಮೇಲೆ "PDF" ಎಂಬ ಅಕ್ಷರವಿದ್ದರೆ ಅದು ಉಳಿಸುವ ಗುಂಡಿ, ಪ್ರಿಂಟರಿನ ಚಿತ್ರವಿದ್ದರೆ ಪ್ರಿಂಟಿನ ಗುಂಡಿ.

ಆದ್ದರಿಂದ ಏನು ಒತ್ತಬೇಕು ಎನ್ನುವುದರ ಜತೆಗೆ, ಒತ್ತಿದ ಮೇಲೆ ಏನು ಕಾಣಬೇಕು ಎಂದೂ ಬರೆದೆ. ಪರದೆಯ ಪದಗಳನ್ನು ಕನ್ನಡಕ್ಕೆ ತರದೆ, ಕಂಡಂತೆಯೇ ಇಂಗ್ಲಿಷಿನಲ್ಲಿ ಚಿತ್ರಿಸಿದೆ. ಕಾರ್ಡು ಕೊನೆಗೆ ಹೀಗಾಯಿತು:

ಪ್ರಿಂಟರ್ ಆನ್ ಮಾಡಿ. ದೀಪ ಮಿನುಗುವುದು ನಿಲ್ಲಲಿ.
ಫೋನಿನ ನೆತ್ತಿಯಲ್ಲಿ ಬೀಸಣಿಗೆ ಗುರುತು ಇದೆಯೇ? ಇಲ್ಲದಿದ್ದರೆ ವೈಫೈ ಆನ್ ಮಾಡಿ.
ಫಾರಂ ತೆರೆಯಿರಿ. ಮೂರು ಚುಕ್ಕಿ. "Print".
ನೆತ್ತಿಯ ಸಾಲಿನಲ್ಲಿ "Save as PDF" ಇದ್ದರೆ ಆ ಸಾಲನ್ನೇ ಒತ್ತಿ, ನಮ್ಮ ಪ್ರಿಂಟರಿನ ಹೆಸರು ಆರಿಸಿ.
ಕೆಳಗೆ "A4" ಇರಬೇಕು. "Letter" ಬೇಡ.
ಗುಂಡಿಯಲ್ಲಿ ಪ್ರಿಂಟರಿನ ಚಿತ್ರ ಕಂಡರೆ ಒತ್ತಿ. ಒಂದೇ ಸಲ.

ಬೀಸಣಿಗೆ ಸಾಲಿಗೆ ಕಾರಣವಿದೆ. ಮೊಬೈಲ್ ಡೇಟಾ ಇದ್ದರೆ ವಾಟ್ಸಾಪು ಚೆನ್ನಾಗಿಯೇ ನಡೆಯುತ್ತದೆ, ಆದರೆ ಪ್ರಿಂಟರು ಫೋನಿಗೆ ಕಾಣುವುದಿಲ್ಲ. ಇಬ್ಬರೂ ಒಂದೇ ವೈಫೈನಲ್ಲಿರಬೇಕು. ಇನ್ನು "Letter" ಎಂಬುದು ಅಮೆರಿಕದ ಅಳತೆಯ ಕಾಗದ. ನಮ್ಮ ಎ4ಗಿಂತ ಸ್ವಲ್ಪ ಅಗಲ, ಸುಮಾರು ಎರಡು ಸೆಂಟಿಮೀಟರ್ ಗಿಡ್ಡ. ಅದನ್ನು ಹಾಗೇ ಬಿಟ್ಟರೆ ಕೆಲವು ಪ್ರಿಂಟರುಗಳು ಇಲ್ಲದ ಆ ಕಾಗದಕ್ಕಾಗಿ ದೀಪ ಮಿನುಗಿಸುತ್ತಾ ಕೂತುಬಿಡುತ್ತವೆ.

"ಒಂದೇ ಸಲ" ಎಂಬುದರ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಪ್ರಿಂಟರು ನಿದ್ದೆಯಲ್ಲಿದ್ದರೆ ಏಳುವುದು ತಡ. ಅಷ್ಟರಲ್ಲಿ ಮತ್ತೆ ಮತ್ತೆ ಒತ್ತಿದರೆ ಅಷ್ಟೂ ಆಜ್ಞೆಗಳು ಸಾಲಿನಲ್ಲಿ ನಿಂತಿದ್ದು, ಅದು ಎದ್ದ ಕೂಡಲೇ ಒಂದೊಂದಾಗಿ ಹೊರಬರುತ್ತವೆ. ಕಾಗದ ಬಾರದಿದ್ದರೆ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ನೋಡಬೇಕು. ಕೆಲಸ ಅಲ್ಲಿ ಕಾಯುತ್ತಿದ್ದರೆ ರದ್ದುಮಾಡಿ ಹೊಸದಾಗಿ ಕೊಡಬೇಕು.

ಅಪ್ಪ ಕನ್ನಡಕ ಏರಿಸಿ, ಮನಿಯಾರ್ಡರ್ ಫಾರಂ ತಿದ್ದುವವರಂತೆ ಕಾರ್ಡನ್ನು ಓದಿದರು. ತಾವೇ ಒಂದು ಸಾಲು ಸೇರಿಸಿದರು: "ಸಹಿ ಮನೆಯಲ್ಲಿ ಹಾಕಕೂಡದು. ಅಧಿಕಾರಿಯ ಎದುರಿಗೇ ಹಾಕತಕ್ಕದ್ದು." ಇದು ನನಗೆ ಹೊಳೆಯುವ ಮಾತಲ್ಲ. ಪ್ರಮಾಣಪತ್ರದ ಅರ್ಥವೇ ಆ ಮನುಷ್ಯನನ್ನು ಅಧಿಕಾರಿ ಕಣ್ಣಾರೆ ಕಂಡ ಎಂಬುದಲ್ಲವೇ! ಕಾರ್ಡಿಗೆ ತೂತು ಹಾಕಿ, ದಾರ ಕಟ್ಟಿ, ಪ್ರಿಂಟರಿಗೇ ತೂಗುಹಾಕಿದರು. ನೇತಾಡುವ ಅದರ ಇನ್ನೊಂದು ಮಗ್ಗುಲಲ್ಲಿ ವಧೂವರರು ಈಗಲೂ ಸಕುಟುಂಬ ಪರಿವಾರ ಸಮೇತ ಬರಬೇಕೆಂದು ಕೋರುತ್ತಿದ್ದಾರೆ.

ಮೊದಲ ಫಾರಂ ಸರಾಗವಾಗಿ ಬಂತು. ಸುದ್ದಿ ಕೇಳಿ ಎದುರು ಮನೆಯ ಮೇಷ್ಟ್ರು ತಮ್ಮ ಫೋನು ಹಿಡಿದು ಬಂದರು. ಅವರ ಫೋನು ಪೂರ್ತಿ ಕನ್ನಡದಲ್ಲಿತ್ತು. ಫಾರಂ ತೆರೆದರೆ ಮೂರು ಚುಕ್ಕಿಯೂ ಬೇರೆ ಮೂಲೆಯಲ್ಲಿ. ಅಪ್ಪ ಕಾರ್ಡನ್ನೂ ಫೋನನ್ನೂ ಬದಲಿಸಿ ಬದಲಿಸಿ ನೋಡಿ, ಫೋನನ್ನು ಮರ್ಯಾದೆಯಿಂದ ಹಿಂದಿರುಗಿಸಿದರು.

"ಮೇಷ್ಟ್ರೇ, ಇದು ಬೇರೆ ಕೌಂಟರು. ಫಾರಮ್ಮನ್ನ ನನ್ನ ವಾಟ್ಸಾಪಿಗೆ ಕಳ್ಸಿ, ಇಲ್ಲಿಂದ ತೆಗೀತೀನಿ. ನಿಮ್ಮ ಫೋನಿಗೆ ಕಾರ್ಡು ಬೇಕೂಂದ್ರೆ ಒಂದು ಲಗ್ನಪತ್ರಿಕೆ ತಂದ್ಕೊಡಿ, ಮಗ ಬರ್‍ದು ಕೊಡ್ತಾನೆ."