ನಮ್ಮನೆಯ ಉಚ್ಚಾರಣಾ ಸಮಿತಿ

ಎಂಜಿನಿಯರ್ ಮಗನಿಂದ ಮನೆಗೆ ಒಂದಾದರೂ ಉಪಯೋಗವಾಗಲಿ ಎಂಬುದು ನಮ್ಮಮ್ಮನ ಬಹುಕಾಲದ ಆಸೆ. ಮಿಕ್ಸಿ ಕೆಟ್ಟರೆ ನಾನು ಅದರ ಸುತ್ತ ಪ್ರದಕ್ಷಿಣೆ ಹಾಕಿ ಬರುತ್ತೇನೆ. ಗೀಸರ್ ಮುಟ್ಟಲು ಭಯ. ಹಾಗಾಗಿ, ಅಪಾರ್ಟ್‌ಮೆಂಟ್ ಗುಂಪಿನ ವಾಟ್ಸಾಪ್ ಸಂದೇಶಗಳ ಸಣ್ಣ ಅಕ್ಷರ ಕಾಣುವುದಿಲ್ಲ ಎಂದು ಅಮ್ಮ ಗೊಣಗಿದಾಗ ನನಗೆ ಒಳಗೊಳಗೇ ಖುಷಿಯಾಯಿತು. "ಲ್ಯಾಪ್‌ಟಾಪೇ ಓದಿ ಹೇಳೋ ಹಾಗೆ ಮಾಡ್ತೀನಮ್ಮ" ಅಂದೆ. ಹೆಂಡತಿ ಅಡುಗೆಮನೆಯಿಂದಲೇ, "ರೀ, ಅದನ್ನ ನಾನೇ ಎರಡು ನಿಮಿಷದಲ್ಲಿ ಓದಿ ಹೇಳ್ತೀನಿ" ಅಂದಳು. ಮಹತ್ಕಾರ್ಯಕ್ಕೆ ಹೊರಟವನು ಇಂಥದಕ್ಕೆಲ್ಲ ಕಿವಿಗೊಡಬಾರದು.

ನಾನು ಹಿಡಿದದ್ದು ಇಸ್ಪೀಕ್ ಎನ್‌ಜಿ ಎಂಬ ತಂತ್ರಾಂಶ. ಪುಕ್ಕಟೆ. ಇದರ ಮೂಲ 1995ರಲ್ಲಿ ಜೊನಾಥನ್ ಡಡಿಂಗ್ಟನ್ ಎಂಬಾತ ಏಕಾರ್ನ್ ಕಂಪ್ಯೂಟರಿಗಾಗಿ ಬರೆದ ಪ್ರೋಗ್ರಾಮು. ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರಿನ ಜೊತೆಗೂ ಇದು ಬರುತ್ತದೆ. ದನಿ ಇಂಪಾಗಿಲ್ಲ, ಡಬ್ಬದೊಳಗಿಂದ ಯಾರೋ ಮಾತಾಡಿದ ಹಾಗಿದೆ. ಆದರೆ ಇದರ ಉಚ್ಚಾರಣೆಯ ನಿಯಮಗಳೆಲ್ಲ ಸಾದಾ ಪಠ್ಯದ ಫೈಲುಗಳಲ್ಲಿವೆ, ನನ್ನಂಥವನೂ ತಿದ್ದಬಹುದು. ಧ್ವನಿಮುದ್ರಣಗಳಿಂದ ಕಲಿತ ಹೊಸ ಕಾಲದ ದನಿಗಳು ಬಲು ಮಧುರ. ಅವು ಒಂದು ಪದವನ್ನು ತಪ್ಪಾಗಿ ಓದಿದರೆ ಒಳಗೆ ಕೈಹಾಕಿ ಆ ಒಂದೇ ಸಾಲನ್ನು ತಿದ್ದುವ ಹಾಗಿಲ್ಲ.

ಮೊದಲ ಪರೀಕ್ಷೆಗೆ ಗುಂಪಿನ ಕಾರ್ಯದರ್ಶಿಯ ಸಂದೇಶವೇ ಸಿಕ್ಕಿತು:

```
ನಾಳೆ bankಗೆ ರಜಾ. BTM ಕಡೆಯಿಂದ ಬರೋ tankerಗೆ ಕಾಯ್ಬೇಡಿ.
ಗ್ಯಾಸ್ OTP ಬಂದ್ರೆ watchmanಗೆ ಹೇಳ್ಬೇಡಿ.
```

ಕನ್ನಡದ ಅಕ್ಷರ ಬಂದಾಗ ಯಂತ್ರ ಕನ್ನಡದ ನಿಯಮ ಹಿಡಿಯುತ್ತದೆ. ಇಂಗ್ಲಿಷ್ ಅಕ್ಷರ ಕಂಡೊಡನೆ ಆ ಪದವನ್ನು ಇಂಗ್ಲಿಷ್ ನಿಯಮಗಳಿಗೆ ಒಪ್ಪಿಸಿಬಿಡುತ್ತದೆ, ಅದೂ ಬ್ರಿಟಿಷ್ ಇಂಗ್ಲಿಷಿಗೆ. ಅಲ್ಲಿ ಪದದ ಕೊನೆಯ 'ರ್' ನುಡಿಯುವ ರೂಢಿಯಿಲ್ಲ. ಹಾಗಾಗಿ ಟ್ಯಾಂಕರ್ 'ಟ್ಯಾಂಕ' ಆಯಿತು, ಒಂದು ಕ್ಷಣ ಉಸಿರೆಳೆದು 'ಗೆ' ಬಂತು. "ಯಾರೋ ಟ್ಯಾಂಕ? ಅವನಿಗ್ಯಾಕೆ ಕಾಯ್ಬಾರ್ದು?" ಅಂದರು ಅಮ್ಮ.

ರೋಗ ಗೊತ್ತಾಯಿತು. ಪದದ ಬುಡ ಇಂಗ್ಲಿಷ್ ಲಿಪಿಯಲ್ಲಿ, ಬಾಲ ಕನ್ನಡದಲ್ಲಿ. ಯಂತ್ರ ಸಂದಿನಲ್ಲೇ ಕತ್ತರಿಸುತ್ತದೆ. ದನಿಗೆ ಕೊಡುವ ಮುಂಚೆಯೇ ಇಂಥ ಪದಗಳನ್ನು ಹಿಡಿದು ಪೂರ್ತಿ ಕನ್ನಡ ಲಿಪಿಗೆ ತಿರುಗಿಸುವುದೇ ಮದ್ದು. ಅದಕ್ಕೊಂದು ಸಣ್ಣ ಪ್ರೋಗ್ರಾಮು, ಜೊತೆಗೊಂದು ಪದಪಟ್ಟಿ ಬರೆದೆ. 'ಬ್ಯಾಂಕ್' ಪಕ್ಕ 'ಗೆ' ಅಂಟಿಸಿದರೆ ಕೆಲಸ ಮುಗಿಯಿತು ಅಂದುಕೊಂಡೆ. ಆಗ ನಮ್ಮ ಮಾವನವರು ಬಂದರು.

ಮಾವ ನಿವೃತ್ತ ಕನ್ನಡ ಮೇಷ್ಟ್ರು, ಬನಶಂಕರಿ ಎರಡನೇ ಹಂತದಿಂದ ಜೆ.ಪಿ. ನಗರದ ನಮ್ಮ ಮನೆಗೆ ವಾಕಿಂಗ್ ನೆಪದಲ್ಲಿ ಬರುತ್ತಾರೆ. "ಅಳಿಯಂದ್ರೇ, ಬಾಯಲ್ಲಿ ಯಾರಾದ್ರೂ ಬ್ಯಾಂಕ್-ಗೆ ಅಂತಾರಾ? ಬ್ಯಾಂಕಿಗೆ. ಬಸ್-ಗೆ ಅಂತಾರಾ? ಬಸ್ಸಿಗೆ" ಅಂದರು. ಒಂದೇ ಉಸಿರಿನಲ್ಲಿ ಅವರು ಎರಡು ನಿಯಮ ಹೇಳಿದ್ದರು. ವ್ಯಂಜನದಲ್ಲಿ ಮುಗಿಯುವ ಪದಕ್ಕೆ 'ಗೆ' ಸೇರುವಾಗ ನಡುವೆ 'ಇ' ನುಸುಳುತ್ತದೆ. ಪದ ಒಂದೇ ಉಸಿರಿನ ಗಿಡ್ಡ ಪದವಾಗಿದ್ದು ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಯಾಗುತ್ತದೆ: ಬಸ್ಸಿಗೆ, ಪೆನ್ನಿಗೆ. ಸ್ವರ ದೀರ್ಘವಾಗಿದ್ದರೆ ಇಲ್ಲ: ಕಾರಿಗೆ, ಬೈಕಿಗೆ. ಕೊನೆಯಲ್ಲಿ ಒತ್ತಕ್ಷರದಂತೆ ಎರಡು ವ್ಯಂಜನ ಕೂಡಿದ್ದರೂ ಇಲ್ಲ: ಬ್ಯಾಂಕಿಗೆ. ಪದ ಉದ್ದವಾದರೆ ಸಾಮಾನ್ಯವಾಗಿ ಇಲ್ಲ: ಟ್ಯಾಂಕರಿಗೆ, ಆಫೀಸಿಗೆ. ಓಟಿಪಿ ಸ್ವರದಲ್ಲೇ ಮುಗಿಯುವುದರಿಂದ ಸೀದಾ ಓಟಿಪಿಗೆ. ಇಷ್ಟನ್ನೂ ಪ್ರೋಗ್ರಾಮಿಗೆ ತುಂಬಿ, ಮೇಷ್ಟ್ರ ಅಳಿಯನಾದದ್ದಕ್ಕೂ ಸಾರ್ಥಕವಾಯಿತು ಎಂದು ಬೀಗುತ್ತಿರುವಾಗ ಹೆಂಡತಿ "ವಾಚ್‌ಮನ್ನಿಗೆ" ಅಂದಳು. ಉದ್ದನೆಯ ಪದ, ಆದರೂ 'ನ್ನಿ'. ನಿಯಮಕ್ಕೆ ಬಗ್ಗದ ಇಂಥವನ್ನು ಒಂದೊಂದಾಗಿ ಪಟ್ಟಿಗೆ ಬರೆಯುವುದೊಂದೇ ದಾರಿ.

ಲಿಪಿಯೆಲ್ಲ ಕನ್ನಡವಾದ ಮೇಲೆ ಶುರುವಾದದ್ದು ನಿಜವಾದ ತಲೆನೋವು. ಯಂತ್ರ 'ಬ್ಯಾಂಕಿಗೆ' ಎಂಬುದನ್ನು ಬರೆದಂತೆಯೇ ಓದಿತು: ಬ್, ಯಾ, ಅಂ. ಕನ್ನಡ ಬರೆದಂತೆ ಓದುವ ಭಾಷೆ ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಅದು ಮಾತ್ರ ನಂಬಿಕೊಂಡಿತ್ತು. ನಮ್ಮ ಬಾಯಲ್ಲಿ ಆ 'ಯಾ' ಇರುವುದೇ ಇಲ್ಲ, ಎ-ಗೂ ಆ-ಗೂ ನಡುವಿನ ಒಂದು ಅಗಲ ಸ್ವರ ಇರುತ್ತದೆ. ಅದಕ್ಕೆ ಸ್ವಂತ ಅಕ್ಷರವಿಲ್ಲದೆ 'ಯಾ' ವೇಷ ತೊಡಿಸಿದ್ದೇವೆ. ಯಂತ್ರ ಯಾವ ನಿಯಮ ಹಿಡಿದು ಓದಿತೆಂದು ನೋಡಲು ಒಂದು ಆಜ್ಞೆಯಿದೆ:

```
espeak-ng -v kn -q -X "ಬ್ಯಾಂಕಿಗೆ"
```

ಪ್ರತಿ ಅಕ್ಷರಕ್ಕೂ ಪೈಪೋಟಿ ಮಾಡಿದ ನಿಯಮಗಳು, ಅವುಗಳ ಅಂಕ, ಎಲ್ಲ ತೆರೆಯ ಮೇಲೆ ಬರುತ್ತವೆ. ಹೆಚ್ಚು ಅಂಕದ ನಿಯಮವೇ ಗೆಲ್ಲುವುದು. ಹೆಚ್ಚು ಅಕ್ಷರ ಹೊಂದಿಸಿ, ಅಕ್ಕಪಕ್ಕದ ಷರತ್ತನ್ನೂ ಬಿಗಿಮಾಡಿದ ನಿಯಮಕ್ಕೆ ಹೆಚ್ಚು ಅಂಕ. ನಾನು kn_rules ಫೈಲಿನಲ್ಲಿ 'ಒತ್ತಿನ ಯಾ ಬಂದರೆ ಅಗಲ ಸ್ವರ' ಎಂದು ಬರೆದು ಈ ಆಜ್ಞೆ ಕೊಟ್ಟೆ:

```
espeak-ng --compile=kn
```

ಬ್ಯಾಂಕು ಸರಿಹೋಯಿತು. ಆದರೆ ಮಾವನ 'ಅಭ್ಯಾಸ', 'ನ್ಯಾಯ', 'ಧ್ಯಾನ' ಎಲ್ಲವೂ ಕಾನ್ವೆಂಟಿಗೆ ಸೇರಿಕೊಂಡವು. ಮಾವ ಎರಡು ದಿನ ಮನೆ ಕಡೆ ತಲೆ ಹಾಕಲಿಲ್ಲ.

ಅವರು ಬಾರದ ಬಿಡುವಿನಲ್ಲಿ ಯೋಚಿಸಿದೆ. ಬ್ಯಾ, ಮ್ಯಾ, ಪ್ಯಾ, ಟ್ಯಾ, ಡ್ಯಾ, ಗ್ಯಾ ಎಂದು ಶುರುವಾಗುವ ಸಂಸ್ಕೃತ ಪದ ನಮ್ಮ ಬಳಕೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ವ್ಯಾ, ನ್ಯಾ, ಧ್ಯಾ, ತ್ಯಾ, ಶ್ಯಾ, ಖ್ಯಾ ಎಂದು ಶುರುವಾಗುವವು ಬಹುಮಟ್ಟಿಗೆ ಅಲ್ಲಿಂದ ಬಂದವೇ. ಹಾಗಾಗಿ ಮೊದಲ ಗುಂಪಿಗೆ ಮಾತ್ರ, ಅದೂ ಪದದ ಆರಂಭದಲ್ಲಿದ್ದರೆ ಮಾತ್ರ ಅಗಲ ಸ್ವರ ಎಂದು ನಿಯಮ ಬಿಗಿಮಾಡಿದೆ. ಪದದ ಗಡಿಗೆ ಆ ಫೈಲಿನಲ್ಲಿ ಅಡಿಗೆರೆ ಹಾಕಿದರಾಯಿತು. ಬ್ಯಾಟರಿ, ಮ್ಯಾನೇಜರ್, ಗ್ಯಾಸ್ ಎಲ್ಲ ದಾರಿಗೆ ಬಂದವು, ಅಭ್ಯಾಸ ಮೇಷ್ಟ್ರ ಮನೆಗೆ ವಾಪಸಾಯಿತು. ಇನ್ನೊಂದು ಲಾಭ ಕೇಳದೆಯೇ ಸಿಕ್ಕಿತು. ಮಂಡ್ಯದ ಚಿಕ್ಕಮ್ಮ "ಬ್ಯಾಳೆ ಜಾಸ್ತಿ ಹಾಕಬ್ಯಾಡ" ಎಂದು ಕಳಿಸಿದ ಅಡುಗೆಯ ಸಂದೇಶದಲ್ಲಿ 'ಬ್ಯಾಳೆ' ಚಿಕ್ಕಮ್ಮನೇ ಅಂದ ಹಾಗೆ ಬಂತು. ಇಂಗ್ಲಿಷಿಗೆ ಹಾಕಿದ ನಿಯಮದಲ್ಲಿ ಮಂಡ್ಯವೂ ಹೊಕ್ಕಿತ್ತು. 'ಹಾಕಬ್ಯಾಡ'ದ ಬ್ಯಾ ಪದದ ನಡುವೆ ಇದ್ದುದರಿಂದ ಪುಸ್ತಕದ ಯಾ ಆಗಿಯೇ ಉಳಿಯಿತು.

ಹೆಂಡತಿಗೆ ಮಾತ್ರ ಸಮಾಧಾನವಿಲ್ಲ. "ಮೆಟ್ರೋದಲ್ಲಿ ಅಪರ್ಣಾ ಅವರ ದನಿ ಕೇಳಿ, ಹೇಗಿದೆ" ಅಂದಳು. 2024ರ ಜುಲೈಯಲ್ಲಿ ತೀರಿಕೊಂಡ ಅವರ ದನಿಗೆ ಸರಿಗಟ್ಟುವ ಆಸೆ ನನಗೂ ಇಲ್ಲ. ಅದು ಮನುಷ್ಯರು ಮೊದಲೇ ಓದಿ ಮುದ್ರಿಸಿಟ್ಟದ್ದು, ನಮ್ಮ ಕಾರ್ಯದರ್ಶಿ ನಾಳೆ ಏನು ಬರೆಯುತ್ತಾರೋ ಅವರಿಗೇ ಗೊತ್ತಿಲ್ಲ ಎಂದು ವಾದಿಸಿದೆ. ಅವಳು ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ಇನ್ನು 'ಆಫೀಸು' ಯಾರ ಬಾಯಿಯಂತೆ ಇರಬೇಕು ಎಂಬ ಜಗಳ. ಕನ್ನಡದ ಫ ಮಹಾಪ್ರಾಣ. ಅಮ್ಮನ ಬಾಯಲ್ಲಿ ಅದು 'ಆಪೀಸು', ಮಾವನಿಗೆ ಶುದ್ಧ ಮಹಾಪ್ರಾಣವೇ ಬೇಕು, ಮಗಳಿಗೆ ಹಲ್ಲಿನಿಂದ ತುಟಿ ಸವರಿದ ಇಂಗ್ಲಿಷಿನ ಫ಼. ಈ ಮೂರನೆಯದಕ್ಕೆ ಅಕ್ಷರದ ಕೆಳಗೆ ಚುಕ್ಕೆ ಇಡುವ ಪದ್ಧತಿ ಇದೆ, ವಾಟ್ಸಾಪಿನಲ್ಲಿ ಇಡುವವರಿಲ್ಲ. ಫ ಬಂದಲ್ಲೆಲ್ಲ ಇಂಗ್ಲಿಷಿನದೇ ಇರಲಿ, ಫಲ, ಸಫಲ, ಕಫ, ಸ್ಫೂರ್ತಿಯಂಥ ಕೆಲವನ್ನು ಪಟ್ಟಿಯಲ್ಲಿ ಹೊರಗಿಡೋಣ ಎಂದೆ. ಮಗಳು, "ಅಪ್ಪ, ನೀನು ಫಲ ಅನ್ನೋದೂ ಇಂಗ್ಲಿಷ್ ಥರಾನೇ" ಅಂದಳು. ಮಾವ ನನ್ನತ್ತ ನೋಡಿದ ನೋಟವನ್ನು ಬರೆಯಲು ಯಾವ ಲಿಪಿಯೂ ಸಾಲದು.

ಸದ್ಯದ ತಕರಾರು ವ್ಯಾನಿನದು. ಮಗಳ ಶಾಲೆಯ ಸಂದೇಶದಲ್ಲಿ 'ವ್ಯಾನ್ ಬಂತು' ಎಂದರೆ ಯಂತ್ರ ಪಂಚಪ್ರಾಣಗಳಲ್ಲಿ ಒಂದಾದ ವ್ಯಾನವಾಯುವಿನ ಗಾಂಭೀರ್ಯದಿಂದ ಓದುತ್ತದೆ. ವ್ಯಾ ಗುಂಪನ್ನು ಮುಟ್ಟುವುದಿಲ್ಲ ಎಂದು ಮಾವನಿಗೆ ಮಾತು ಕೊಟ್ಟಿದ್ದೇನೆ. ಪರಿಹಾರವೂ ಅವರೇ ಸೂಚಿಸಿದರು: ವಾಯುವಾದರೆ ವ್ಯಾನಕ್ಕೆ, ಗಾಡಿಯಾದರೆ ವ್ಯಾನಿಗೆ, ವಿಭಕ್ತಿ ನೋಡಿ ತಿಳಿ. ಈ ಭಾನುವಾರ ಅದನ್ನು ಬರೆಯಬೇಕು. ಅಷ್ಟರವರೆಗೆ ಸಂದೇಶ ಬಂದರೆ ಅಮ್ಮ ಸೊಸೆಯನ್ನು ಕರೆಯುತ್ತಾರೆ.